ಓಡಿಸುವ ಮೊದಲು ನೋಟಿಸು

ಮನೆ ಕಟ್ಟಿಸುವವರಿಗೆ ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವ ಸಲಹೆಗಳು ನೂರಾರು. ಅವುಗಳಲ್ಲಿ ಅತಿ ಹೆಚ್ಚು ಮನೆ ಹಾಳು ಮಾಡಿರುವುದು ಒಂದು: "ಕೆಲಸ ಸರಿಯಿಲ್ವಾ? ಮೊದ್ಲು ಅವನನ್ನ ಓಡ್ಸಿ. ಬೇರೆ ಮೇಸ್ತ್ರಿ ಹಿಡಿದು ಮಾಡಿಸ್ಕೊಳ್ಳಿ. ಬಾಕಿ ದುಡ್ಡು ಹೇಗೂ ನಿಮ್ಮ ಕೈಯಲ್ಲೇ ಇದೆ. ಆಮೇಲೆ ಬೇಕಾದ್ರೆ ಕೇಸು ಹಾಕಿದ್ರಾಯ್ತು." ಭಾವಮೈದುನ ಹೇಳುತ್ತಾನೆ, ಪಕ್ಕದ ಸೈಟಿನವರು ಹೇಳುತ್ತಾರೆ, ಹೊಸ ಕಾಂಟ್ರಾಕ್ಟರ್ ಎಲ್ಲರಿಗಿಂತ ಜೋರಾಗಿ ಹೇಳುತ್ತಾನೆ. ಕೇಳುವವರ ಹೊಟ್ಟೆಯಲ್ಲಿ ಆಗಲೇ ಬೆಂಕಿ ಬಿದ್ದಿರುತ್ತದೆ. ಬ್ಯಾಂಕಿನ ಕಂತು ಶುರುವಾಗಿರುತ್ತದೆ, ಬಾಡಿಗೆ ಮನೆ ಬಿಟ್ಟಿರುವುದಿಲ್ಲ. ಮಾರನೆಯ ಬೆಳಿಗ್ಗೆ ಗೇಟಿಗೆ ಹೊಸ ಬೀಗ ಬೀಳುತ್ತದೆ.

ಈ ಸಲಹೆಯ ನಾಲ್ಕು ತುಂಡುಗಳೂ ತಪ್ಪು. ಓಡಿಸುವುದು ಮೊದಲ ಹೆಜ್ಜೆಯಲ್ಲ. ಬೇರೆಯವರಿಂದ ಮಾಡಿಸುವುದು ತಕ್ಷಣ ಮಾಡುವ ಕೆಲಸವಲ್ಲ. ಕೈಯಲ್ಲಿ ಉಳಿದಿರುವ ಬಾಕಿ ಪರಿಹಾರವಲ್ಲ. ಕೇಸು "ಆಮೇಲೆ" ಹುಟ್ಟುವುದೂ ಇಲ್ಲ. ಬೀಗ ಹಾಕುವ ಹಿಂದಿನ ತಿಂಗಳಲ್ಲೇ ಅದು ಹುಟ್ಟಿರಬೇಕು. ಕಳಪೆ ಕೆಲಸ ಮಾಡಿದ ಕಾಂಟ್ರಾಕ್ಟರ್‌ನನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅವನನ್ನು ಕಳಿಸಲೇಬೇಕಾಗುವ ಸಂದರ್ಭಗಳಿವೆ. ಆದರೆ ಹಾಳಾದದ್ದನ್ನು ಸರಿಪಡಿಸುವ ಖರ್ಚು ಅವನ ತಲೆಯ ಮೇಲೇ ಉಳಿಯುವಂತೆ ಅವನನ್ನು ಕಳಿಸುವುದಕ್ಕೂ, ಸಿಟ್ಟಿನಲ್ಲಿ ಅಟ್ಟಿ ಆ ಖರ್ಚನ್ನು ನಾವೇ ಹೊತ್ತುಕೊಳ್ಳುವುದಕ್ಕೂ ಅಜಗಜಾಂತರವಿದೆ.

ಒಂದು ಮನೆಯನ್ನು ಕಣ್ಣೆದುರು ಇಟ್ಟುಕೊಂಡು ಮಾತಾಡೋಣ. ಲೆಕ್ಕಕ್ಕೆಂದು ನಾನೇ ಕಲ್ಪಿಸಿದ ಮನೆ ಇದು. ಇಂಥವು ಮಾತ್ರ ಪ್ರತಿ ಬಡಾವಣೆಯಲ್ಲೂ ಇವೆ. ಮೂವತ್ತು ನಲವತ್ತರ ಸೈಟು, ಕೆಳಗೊಂದು ಮೇಲೊಂದು ಅಂತಸ್ತು, ಒಟ್ಟು ಇಪ್ಪತ್ತು ಚದರ. ಮೆಟೀರಿಯಲ್ ಸಮೇತ ಗುತ್ತಿಗೆ, ಚದರಡಿಗೆ 2,400 ರೂಪಾಯಿ, ಒಟ್ಟು 48 ಲಕ್ಷ. ಮೇಲಿನ ಮೋಲ್ಡ್ ಆಗಿದೆ, ಗೋಡೆಗಳು ಎದ್ದಿವೆ, ಕೆಳಗಿನ ಮನೆಯ ಪ್ಲಾಸ್ಟರಿಂಗ್ ನಡೆಯುತ್ತಿದೆ. ಮಾಲೀಕರು ಈವರೆಗೆ 30 ಲಕ್ಷ ಕೊಟ್ಟಿದ್ದಾರೆ. ಮೇಲಿನ ಮೋಲ್ಡಿನ ಸೆಂಟ್ರಿಂಗ್ ಬಿಚ್ಚಿದ ದಿನ ಎರಡು ತೊಲೆಗಳ ತಳದಲ್ಲಿ ಜಲ್ಲಿ ಜಲ್ಲಿಯಾಗಿ ಗೂಡುಗಟ್ಟಿರುವುದು ಕಾಣುತ್ತದೆ. ಸಿಮೆಂಟಿನ ಹಾಲು ಸೋರಿಹೋಗಿ ಕಂಬಿ ಹೊರಗೆ ಇಣುಕುತ್ತಿದೆ, ಬೆರಳು ತೂರಿಸಿದರೆ ಒಳಗೆ ಹೋಗುತ್ತದೆ. ತಾರಸಿಯ ಅಡಿಯಲ್ಲೂ ಅಲ್ಲಲ್ಲಿ ಕಂಬಿಯ ಗೆರೆ ಎದ್ದು ಕಾಣುತ್ತದೆ. ಕವರ್ ಬ್ಲಾಕ್ ಇಟ್ಟಿಲ್ಲ ಎಂದರ್ಥ. ಹಿಂದಿನ ಗೋಡೆಗೆ ತೂಗುಗುಂಡು ಬಿಟ್ಟರೆ ಒಂದು ಅಂತಸ್ತಿನ ಎತ್ತರದಲ್ಲಿ 35 ಮಿಲಿಮೀಟರ್ ಹೊರಕ್ಕೆ ವಾಲಿದೆ. ಕೇಳಿದರೆ ಕಾಂಟ್ರಾಕ್ಟರ್, "ಸಾರ್, ಪ್ಲಾಸ್ಟರ್ ಆದ್ಮೇಲೆ ಇದೆಲ್ಲ ಕಾಣ್ಸೋದೇ ಇಲ್ಲ ಬಿಡಿ" ಎನ್ನುತ್ತಾನೆ.

ಇಲ್ಲಿಯವರೆಗೆ ನ್ಯಾಯ ಪೂರ್ತಿಯಾಗಿ ಮಾಲೀಕರ ಕಡೆ ಇದೆ. ಭಾರತೀಯ ಕರಾರು ಕಾಯ್ದೆ 1872ರಷ್ಟು ಹಳೆಯದು, ಆದರೆ ಈ ಮನೆಯನ್ನು ಕಂಡೇ ಬರೆದ ಹಾಗಿದೆ. ಅದರ 73ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಮನೆ ರಿಪೇರಿಯದು: ಒಬ್ಬ ಮುಂಗಡ ಹಣ ಪಡೆದು ಮನೆಯನ್ನು ಇಂಥ ರೀತಿಯಲ್ಲಿ ರಿಪೇರಿ ಮಾಡುವುದಾಗಿ ಒಪ್ಪಿಕೊಂಡ, ಮಾಡಿದ, ಆದರೆ ಕರಾರಿನಂತೆ ಮಾಡಲಿಲ್ಲ. ಆ ಕೆಲಸವನ್ನು ಕರಾರಿನ ಮಟ್ಟಕ್ಕೆ ತರಲು ಬೀಳುವ ಖರ್ಚನ್ನು ಮನೆಯವನು ಅವನಿಂದ ವಸೂಲು ಮಾಡಬಹುದು. ಇನ್ನೊಂದು ಉದಾಹರಣೆಯಲ್ಲಿ ಕಟ್ಟುವವನು ಎಷ್ಟು ಕೆಟ್ಟದಾಗಿ ಕಟ್ಟಿದ್ದಾನೆಂದರೆ ಮನೆ ಬಿದ್ದೇಹೋಗುತ್ತದೆ. ಮತ್ತೆ ಕಟ್ಟುವ ಖರ್ಚಿನ ಜೊತೆಗೆ, ಕಳೆದುಹೋದ ಬಾಡಿಗೆಯನ್ನೂ ಅವನು ತುಂಬಿಕೊಡಬೇಕು. ಆ ಬಾಡಿಗೆಯ ಒಪ್ಪಂದ ಅವನಿಗೆ ಮೊದಲೇ ತಿಳಿದಿತ್ತು ಎಂಬ ಮಾತನ್ನು ಕಾಯ್ದೆ ಅಲ್ಲೇ ಸೇರಿಸಿದೆ. ತಡವಾದರೆ ಬಾಡಿಗೆ ಮನೆಯಲ್ಲೇ ಮುಂದುವರಿಯಬೇಕಾಗುತ್ತದೆ ಎಂದು ಕರಾರಿನಲ್ಲೇ ಬರೆಸುವುದು ಏಕೆ ಮುಖ್ಯ ಎಂಬುದು ಇದರಿಂದ ಗೊತ್ತಾಗುತ್ತದೆ.

ಆದರೆ ಅದೇ ಕಾಯ್ದೆಯ 67ನೇ ಕಲಮನ್ನು ನಮ್ಮ ಸಲಹೆಗಾರರು ಯಾರೂ ಓದಿದಂತಿಲ್ಲ. ಕೆಲಸ ಮಾಡಲು ಬೇಕಾದ ಅನುಕೂಲವನ್ನು ಮಾಡಿಸಿಕೊಳ್ಳುವವನೇ ಒದಗಿಸದಿದ್ದರೆ, ಅದರಿಂದ ಕೆಲಸ ಆಗದೆ ಹೋದದ್ದಕ್ಕೆ ಮಾಡುವವನು ಹೊಣೆಯಲ್ಲ ಎನ್ನುತ್ತದೆ ಅದು. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಮನೆ ರಿಪೇರಿಯದೇ: ಎಲ್ಲೆಲ್ಲಿ ರಿಪೇರಿ ಆಗಬೇಕು ಎಂದು ಮನೆಯವನು ತೋರಿಸುವುದೇ ಇಲ್ಲ, ಆ ಕಾರಣಕ್ಕೆ ಆಗದೆ ಉಳಿದ ಕೆಲಸಕ್ಕೆ ಒಪ್ಪಿಕೊಂಡವನು ಜವಾಬ್ದಾರನಲ್ಲ. ಈಗ ಗೇಟಿಗೆ ಬಿದ್ದ ಬೀಗವನ್ನು ನೆನೆಯಿರಿ. ಆ ಎರಡು ತೊಲೆಗಳನ್ನು ಸರಿಪಡಿಸಿಕೊಡು ಎಂದು ಬರವಣಿಗೆಯಲ್ಲಿ ಕೇಳಿಲ್ಲ. ಯಾವ ತೊಲೆ, ಯಾವ ಗೋಡೆ ಎಂದು ತೋರಿಸಿದ ದಾಖಲೆ ಇಲ್ಲ. ಬೀಗ ಹಾಕಿದ ಮೇಲೆ ಅವನು ಒಳಗೆ ಬರುವಂತೆಯೇ ಇಲ್ಲ. ಕಾಂಟ್ರಾಕ್ಟರ್‌ನ ವಕೀಲರು ಹೇಳುವುದು ಇಷ್ಟೇ: "ನನ್ನ ಕಕ್ಷಿದಾರ ಸರಿ ಮಾಡಿಕೊಡಲು ಸಿದ್ಧನಿದ್ದ, ಮಾಲೀಕರೇ ಬಿಡಲಿಲ್ಲ." ಆ ಮಾತು ಶುದ್ಧ ಸುಳ್ಳಾಗಿರಬಹುದು. ಸುಳ್ಳು ಎಂದು ತೋರಿಸುವ ಒಂದು ತುಂಡು ಕಾಗದವನ್ನೂ ಮಾಲೀಕರು ಹುಟ್ಟಿಸಿರುವುದಿಲ್ಲ.

ಕೆಲಸ ಕೆಟ್ಟಿದೆ ಎಂಬುದೊಂದೇ ಕರಾರು ಮುರಿಯುವ ಹಕ್ಕನ್ನು ಕೊಡುವುದಿಲ್ಲ ಎಂಬುದನ್ನು ಬಹಳ ಮಂದಿ ಒಪ್ಪುವುದೇ ಇಲ್ಲ. ಕೆಟ್ಟ ಕೆಲಸಕ್ಕೆ ಪರಿಹಾರ ಕೇಳುವ ಹಕ್ಕು ತಕ್ಷಣ ಬರುತ್ತದೆ. ಇಡೀ ಕರಾರನ್ನು ಕೊನೆಗಾಣಿಸುವ ಹಕ್ಕಿಗೆ ಅದಕ್ಕಿಂತ ಹೆಚ್ಚು ಬೇಕು. 39ನೇ ಕಲಮಿನ ಪ್ರಕಾರ, ಒಪ್ಪಿಕೊಂಡ ಕೆಲಸವನ್ನು ಇಡಿಯಾಗಿ ಮಾಡಲು ಅವನು ನಿರಾಕರಿಸಿರಬೇಕು ಅಥವಾ ಮಾಡಲಾಗದ ಸ್ಥಿತಿಗೆ ತನ್ನನ್ನು ತಾನೇ ತಂದುಕೊಂಡಿರಬೇಕು. ಟೈಲ್ಸಿನ ಸಂದು ಸೊಟ್ಟಗಿದೆ, ಕಿಟಕಿಯ ಚೌಕಟ್ಟು ಬಿಗಿಯಾಗಿದೆ ಎಂಬುದು ಅಷ್ಟಕ್ಕೆ ಸಾಲದು. ತೊಲೆಯೊಳಗೆ ಟೊಳ್ಳಿದೆ ಎಂಬುದು ಗಂಭೀರವಾದದ್ದೇ. ಆದರೆ ಕೆಟ್ಟದ್ದನ್ನು ಸರಿ ಮಾಡು ಎಂದು ಹೆಸರಿಟ್ಟು, ಜಾಗ ತೋರಿಸಿ, ಗಡುವು ಕೊಟ್ಟು ಕೇಳಿದ ಮೇಲೂ ಅವನು ಮಾಡಲಿಲ್ಲವಾದರೆ ಆಗ ಅದು ಕಳಪೆ ಕೆಲಸವಾಗಿ ಉಳಿಯುವುದಿಲ್ಲ, ಕರಾರಿನ ನಿರಾಕರಣೆಯಾಗುತ್ತದೆ. ಅವನ ತಪ್ಪನ್ನು ನಮ್ಮ ಹಕ್ಕಾಗಿ ಬದಲಾಯಿಸುವುದು ಆ ನೋಟಿಸು. "ನೋಟಿಸು ಕೊಟ್ಟರೆ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಂತೆ" ಎನ್ನುವವರು ಇದನ್ನು ತಲೆಕೆಳಗು ಮಾಡಿ ನೋಡುತ್ತಿದ್ದಾರೆ. ನೋಟಿಸು ಕೊಡದಿರುವುದೇ ಅವನಿಗೆ ತೆರೆದಿಟ್ಟ ದಾರಿ.

2018ರಿಂದ ಇದಕ್ಕೆ ಇನ್ನೊಂದು ಗಟ್ಟಿ ಆಧಾರ ಬಂದಿದೆ. ನಿರ್ದಿಷ್ಟ ಪರಿಹಾರ ಕಾಯ್ದೆಗೆ ಆ ವರ್ಷ ತಿದ್ದುಪಡಿಯಾಗಿ 20ನೇ ಕಲಮು ಹೊಸದಾಯಿತು. ಅಕ್ಟೋಬರ್ 1ರಿಂದ ಜಾರಿಗೆ ಬಂತು. ಒಬ್ಬ ಕರಾರಿನಂತೆ ನಡೆಯದಿದ್ದರೆ ಆ ಕೆಲಸವನ್ನು ಬೇರೆಯವರಿಂದ ಅಥವಾ ನಾವೇ ಆಳಿಟ್ಟು ಮಾಡಿಸಿಕೊಂಡು, ಆದ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ಮನೆ ಕಟ್ಟಿಸುವವರಿಗೆ ಇದಕ್ಕಿಂತ ಒಳ್ಳೆಯ ಕಾನೂನು ಬೇಕೆ? ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಗಡುವು ಹೇಳಿ ಕೆಲಸ ಮುಗಿಸು ಎಂದು ಕನಿಷ್ಠ 30 ದಿನಗಳ ಲಿಖಿತ ನೋಟಿಸು ಮೊದಲೇ ಕೊಟ್ಟಿರಬೇಕು. ಎರಡನೆಯದು, ಕೆಲಸವನ್ನು ನಿಜಕ್ಕೂ ಮಾಡಿಸಿರಬೇಕು. ಯಾರೋ ಬರೆದುಕೊಟ್ಟ ಅಂದಾಜು ಪಟ್ಟಿ ಹಿಡಿದುಕೊಂಡು ಈ ಕಲಮಿನ ಕೆಳಗೆ ಹಣ ಕೇಳುವಂತಿಲ್ಲ. ನಿಮ್ಮ ಕರಾರಿನಲ್ಲೇ ನೋಟಿಸಿನ ಬೇರೆ ಅವಧಿಯೋ ಕ್ರಮವೋ ಬರೆದಿದ್ದರೆ ಅದನ್ನು ಅನುಸರಿಸಬೇಕು, ಏಕೆಂದರೆ ಈ ಕಲಮು ಕಕ್ಷಿದಾರರ ನಡುವಿನ ಒಪ್ಪಂದಕ್ಕೆ ಜಾಗ ಬಿಟ್ಟಿದೆ. ನೋಟಿಸು ಕೊಡದೆ ಮಾಡಿಸಿದರೆ ಎಲ್ಲವೂ ಮುಳುಗಿತೆಂದಲ್ಲ. ಕರಾರು ಕಾಯ್ದೆಯ 73ರ ಕೆಳಗೆ ಸಾಮಾನ್ಯ ಪರಿಹಾರ ಕೇಳುವ ಹಕ್ಕು ಬೇರೆಯೇ ಉಳಿದಿರುತ್ತದೆ. ಆದರೆ ನೇರ ರಸ್ತೆ ಬಿಟ್ಟು ಕಾಲುದಾರಿ ಹಿಡಿದಂತಾಗುತ್ತದೆ, ಅದರಲ್ಲಿ ಪ್ರತಿ ರೂಪಾಯಿಗೂ ವಾದ ಮಾಡಬೇಕು.

ಇಲ್ಲಿ ಎದುರು ಮಾತೊಂದಿದೆ, ಅದು ಹಗುರವಾದದ್ದಲ್ಲ. ಮೂವತ್ತು ದಿನ ಸುಮ್ಮನೆ ಕೂರಲು ಯಾರಿಂದ ಸಾಧ್ಯ? ಕಂತು, ಬಾಡಿಗೆ, ಮೇಲೆ ಮಳೆಗಾಲ. ಅಷ್ಟರಲ್ಲಿ ಅವನು ಇನ್ನಷ್ಟು ಹಾಳು ಮಾಡಿದರೆ? ಆದರೆ ಆ ಮೂವತ್ತು ದಿನ ಸುಮ್ಮನೆ ಕೂರುವ ದಿನಗಳಲ್ಲವೇ ಅಲ್ಲ. ಇಡೀ ಪ್ರಕರಣ ಗೆಲ್ಲುವುದೋ ಸೋಲುವುದೋ ಆ ತಿಂಗಳಲ್ಲಿ ನಿರ್ಧಾರವಾಗುತ್ತದೆ. ತೊಲೆಯ ಮೇಲೆ ಪ್ಲಾಸ್ಟರ್ ಮಾಡಬೇಡ, ಅದಕ್ಕೆ ಸಂಬಂಧಿಸಿದ ಕೆಲಸ ನಿಲ್ಲಿಸು ಎಂದು ನೋಟಿಸಿನಲ್ಲೇ ಬರೆಯಬಹುದು. ಕರಾರಿನಲ್ಲಿ ಹಂತ ಹಂತದ ಪಾವತಿ ಇದ್ದರೆ, ತಕರಾರಿರುವ ಹಂತ ಕರಾರಿನಂತೆ ಮುಗಿದಿಲ್ಲವೆಂದು ಆ ಕಂತನ್ನು ತಡೆಹಿಡಿಯಬಹುದು. ಹಾಗೆ ಕಾರಣ ಬರೆದು ತಡೆಯುವುದು ಬೇರೆ, ಫೋನು ಎತ್ತದೆ ದುಡ್ಡು ನಿಲ್ಲಿಸುವುದು ಬೇರೆ. ತೊಲೆ ಅಪಾಯದಲ್ಲಿದೆ ಎಂದು ಎಂಜಿನಿಯರ್ ಹೇಳಿದರೆ ಅವತ್ತೇ ಕೆಳಗೆ ಪ್ರಾಪ್ ಕೊಡಿಸಿ, ಅದರ ಬಿಲ್ಲು ಇಟ್ಟುಕೊಳ್ಳಬೇಕು. ಜೀವಕ್ಕೆ ಅಪಾಯವಿರುವಾಗ ನೋಟಿಸಿಗೆ ಕಾಯಿರಿ ಎಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಆನಿಕೆ ಕೊಡುವುದು ಬೇರೆ, ತೊಲೆಯನ್ನೇ ಒಡೆದುಹಾಕುವುದು ಬೇರೆ.

ಒಡೆದುಹಾಕುವ ಆ ಅವಸರವೇ ಅತಿ ದೊಡ್ಡ ಕಂಟಕ. ಹೊಸ ಕಾಂಟ್ರಾಕ್ಟರ್ ಬಂದವನೇ ಹಳೆಯವನ ಕೆಲಸವನ್ನು ಜರಿದು, ವಾಲಿದ ಗೋಡೆಯನ್ನು ಒಂದೇ ದಿನದಲ್ಲಿ ಉರುಳಿಸಿ, ತೊಲೆಯ ಗೂಡುಗಳಿಗೆ ಸಿಮೆಂಟು ಮೆತ್ತಿ ಮುಂದೆ ಹೋಗುತ್ತಾನೆ. ಮಾಲೀಕರಿಗೆ ಕೆಲಸ ಸಾಗಿತೆಂದು ಸಮಾಧಾನ. ಎರಡು ವರ್ಷದ ಮೇಲೆ ನ್ಯಾಯಾಲಯದಿಂದ ಕಮಿಷನರ್ ಬಂದಾಗ ತೋರಿಸಲು ಏನಿರುತ್ತದೆ? ಬಣ್ಣ ಹೊಡೆದ ನುಣುಪಾದ ತೊಲೆ, ನೆಟ್ಟಗೆ ನಿಂತ ಹೊಸ ಗೋಡೆ. ದಿವಾನಿ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಸ್ಥಳ ತನಿಖೆಗೆ ಕಮಿಷನರ್ ನೇಮಿಸಿ ಎಂದು ನಾವೇ ಕೇಳಿಕೊಳ್ಳಬಹುದು. ಆದರೆ ಬಂದ ಕಮಿಷನರ್ ಇರುವುದನ್ನು ಬರೆಯುತ್ತಾರೆಯೇ ಹೊರತು ಇದ್ದದ್ದನ್ನಲ್ಲ.

ಹಾಗಾದರೆ ಆ ತಿಂಗಳಲ್ಲಿ ಮಾಡಬೇಕಾದದ್ದೇನು? ಈ ಕೆಲಸದಲ್ಲಿ ಯಾವ ಲಾಭವೂ ಇಲ್ಲದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ನನ್ನು ಕರೆಸಬೇಕು. ಮುಂದೆ ಉಳಿದ ಕೆಲಸ ಮಾಡಲಿರುವ ಕಾಂಟ್ರಾಕ್ಟರ್‌ನ ಎಂಜಿನಿಯರ್ ಖಂಡಿತ ಬೇಡ. ತಪಾಸಣೆಯ ದಿನ ಮತ್ತು ಹೊತ್ತನ್ನು ಹಳೆಯ ಕಾಂಟ್ರಾಕ್ಟರ್‌ಗೆ ಮುಂಚೆಯೇ ಬರವಣಿಗೆಯಲ್ಲಿ ತಿಳಿಸಿ, ಬಾ ಎಂದು ಕರೆಯಬೇಕು. ಬಂದರೆ ಅವನ ಸಹಿ ಹಾಕಿಸಬೇಕು, ಬರದಿದ್ದರೆ ಬರಲಿಲ್ಲ ಎಂದು ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು. ಫೋಟೋ ತೆಗೆಯುವಾಗ ಅಳತೆ ಪಟ್ಟಿ ಇಟ್ಟು ತೆಗೆಯಬೇಕು, ಯಾವ ಕೋಣೆಯ ಯಾವ ತೊಲೆ ಎಂದು ನಕ್ಷೆಯ ಮೇಲೆ ಗುರುತು ಹಾಕಬೇಕು. ಮೊಬೈಲಿನ ಫೋಟೋ ನ್ಯಾಯಾಲಯಕ್ಕೆ ಹೋಗುವಾಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ತೆಗೆದ ಫೋನನ್ನು ಮಾರಿಬಿಡಬೇಡಿ, ಫೋಟೋಗಳನ್ನು ತಿದ್ದಬೇಡಿ.

ಕಾಂಕ್ರೀಟಿನ ಬಲ ಮಾತ್ರ ಫೋಟೋದಲ್ಲಿ ಬರುವುದಿಲ್ಲ. ಅದಕ್ಕೆ ಕೋರ್ ತೆಗೆಯಬೇಕು: ಕೊಳವೆಯಾಕಾರದ ವಜ್ರದ ಗರಗಸದಿಂದ ತಾರಸಿಯಲ್ಲಿ ಕೊರೆದು ಉರುಳೆಯೊಂದನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಒತ್ತಿ ಒಡೆದು ನೋಡುವುದು. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಮೂರಕ್ಕಿಂತ ಕಡಿಮೆ ಕೋರ್ ತೆಗೆಯುವಂತಿಲ್ಲ. ಮೂರರ ಸರಾಸರಿ ಬಲ ಆ ದರ್ಜೆಯ ಕಾಂಕ್ರೀಟಿಗೆ ಇರಬೇಕಾದ ಬಲದ ಶೇ. 85ಕ್ಕಿಂತ ಕಡಿಮೆಯಿರಬಾರದು, ಯಾವ ಒಂದು ಕೋರ್ ಕೂಡ ಶೇ. 75ಕ್ಕಿಂತ ಕೆಳಗೆ ಹೋಗಬಾರದು. ನಮ್ಮ ಮನೆಯ ಕರಾರಿನಲ್ಲಿ ಎಂ 20 ಎಂದಿದೆ. ಅಂದರೆ ಸರಾಸರಿ 17, ಯಾವುದೂ 15ಕ್ಕಿಂತ ಕಡಿಮೆಯಿಲ್ಲ. ಬಂದದ್ದು 16.5, 14.2, 15.8 ಎಂದಿಟ್ಟುಕೊಳ್ಳಿ. ಸರಾಸರಿ 15.5, ಒಂದು ಕೋರ್ ಹದಿನೈದರ ಕೆಳಗೆ. ಎರಡೂ ಪರೀಕ್ಷೆಯಲ್ಲಿ ತಾರಸಿ ನಪಾಸು. ಸುತ್ತಿಗೆಯಂಥ ಉಪಕರಣದಿಂದ ಬಡಿದು ಅಂಕಿ ಓದುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗ, ಎಲ್ಲಿ ಕೋರ್ ತೆಗೆಯಬೇಕೆಂದು ಹುಡುಕಲು ಅದು ಉಪಯುಕ್ತ. ಅದೊಂದನ್ನೇ ನೆಚ್ಚಿಕೊಂಡು ಕರಾರು ಮುರಿಯಬಾರದು, ಏಕೆಂದರೆ ಅದು ಹೇಳುವುದು ಮೇಲ್ಮೈಯ ಗಡಸುತನವನ್ನು. ಕೋರ್ ಎಲ್ಲಿ ತೆಗೆಯಬೇಕೆಂಬುದನ್ನು ಎಂಜಿನಿಯರ್ ತೀರ್ಮಾನಿಸಬೇಕು, ಕಂಬಿ ಕತ್ತರಿಸಿಹೋಗದಂತೆ ಮೊದಲು ಗುರುತಿಸಿಕೊಳ್ಳಬೇಕು, ತೂತನ್ನು ಕುಗ್ಗದ ಗ್ರೌಟಿನಿಂದ ತುಂಬಿಸಬೇಕು.

ಇದರ ಜೊತೆಗೇ ಇನ್ನೊಂದು ಕೆಲಸವಿದೆ. ಅದನ್ನು ಬಹುತೇಕ ಯಾರೂ ಮಾಡುವುದಿಲ್ಲ: ಈವರೆಗೆ ಆದ ಕೆಲಸದ ಅಳತೆ. ಎಷ್ಟು ಚದರ ಗೋಡೆ, ಎಷ್ಟು ಪ್ಲಾಸ್ಟರ್, ಎಷ್ಟು ಕಂಬಿ, ಸೈಟಿನಲ್ಲಿ ಉಳಿದಿರುವ ಸಿಮೆಂಟು, ಎಂ ಸ್ಯಾಂಡ್, ಜಲ್ಲಿ ಎಷ್ಟು. ಕಾಂಟ್ರಾಕ್ಟರ್‌ನ ಸೆಂಟ್ರಿಂಗ್ ಶೀಟು, ಪ್ರಾಪುಗಳನ್ನು ಪಟ್ಟಿ ಮಾಡಿ ರಸೀತಿ ಪಡೆದು ಅವನಿಗೆ ಒಯ್ಯಲು ಬಿಡಬೇಕು. ತಡೆದಿಟ್ಟುಕೊಂಡರೆ ದೂರು ಕೊಡುವ ಸರದಿ ಅವನದಾಗುತ್ತದೆ. ಈ ಅಳತೆಯಿಲ್ಲದೆ ಮುಂದಿನ ಲೆಕ್ಕ ನಿಲ್ಲುವುದಿಲ್ಲ.

ಲೆಕ್ಕದ ಮಾತು ಬಂತು. "ಬಾಕಿ ನಿಮ್ಮ ಕೈಯಲ್ಲೇ ಇದೆ" ಎಂಬ ಸಮಾಧಾನವನ್ನು ನಮ್ಮ ಮನೆಯ ಮೇಲೆ ಇಟ್ಟು ನೋಡೋಣ. 48ರಲ್ಲಿ 30 ಕೊಟ್ಟಾಗಿದೆ, 18 ಲಕ್ಷ ಬಾಕಿ. ಅಳತೆ ಮಾಡಿಸಿದಾಗ ಆಗಿರುವ ಕೆಲಸ, ಅದು ಸರಿಯಾಗಿಯೇ ಇದ್ದಿದ್ದರೆ, ಕರಾರಿನ ದರದಲ್ಲಿ 27 ಲಕ್ಷದ್ದು. 21 ಲಕ್ಷದ ಕೆಲಸ ಉಳಿದಿದೆ. ಅಂದರೆ ಆಗಿರುವ ಕೆಲಸಕ್ಕಿಂತ ಮೂರು ಲಕ್ಷ ಜಾಸ್ತಿಯೇ ಹೋಗಿದೆ. ಉಳಿದದ್ದನ್ನು ಅದೇ ಗುಣಮಟ್ಟದಲ್ಲಿ ಮುಗಿಸಲು ಹೊಸ ಕಾಂಟ್ರಾಕ್ಟರ್ 24 ಲಕ್ಷ ಕೇಳುತ್ತಾನೆ, ಅರ್ಧಕ್ಕೆ ನಿಂತ ಕೆಲಸಕ್ಕೆ ಯಾರೂ ಹಳೆಯ ದರದಲ್ಲಿ ಕೈಹಾಕುವುದಿಲ್ಲ. ತೊಲೆ, ತಾರಸಿ, ಗೋಡೆ ಸರಿಪಡಿಸಲು ಇನ್ನೂ 4 ಲಕ್ಷ. ಒಟ್ಟು 28. ಕೈಯಲ್ಲಿರುವ 18 ಕಳೆದರೆ ನಷ್ಟ 10 ಲಕ್ಷ. ಕಾಂಟ್ರಾಕ್ಟರ್‌ನಿಂದ ಕೇಳಬೇಕಾದದ್ದು ಆ ಹತ್ತು. ಕೊಟ್ಟ 30 ಲಕ್ಷವನ್ನೂ ವಾಪಸು ಕೊಡು, ಸರಿಪಡಿಸಿದ ಖರ್ಚನ್ನೂ ಕೊಡು ಎಂದು ಎರಡನ್ನೂ ಕೇಳಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ, ಏಕೆಂದರೆ ಆಗಿರುವ ಕೆಲಸವನ್ನು ಉಪಯೋಗಿಸಿಕೊಳ್ಳುತ್ತಾ ಅದಕ್ಕೆ ಬೆಲೆಯೇ ಇಲ್ಲವೆಂದು ವಾದಿಸಲು ಬರುವುದಿಲ್ಲ. ವಿಟ್ರಿಫೈಡ್ ಟೈಲ್ಸಿನ ಜಾಗದಲ್ಲಿ ಗ್ರಾನೈಟ್ ಹಾಕಿಸಿದ್ದರೆ ಆ ವ್ಯತ್ಯಾಸ ನಮ್ಮದೇ ಖರ್ಚು, ಅವನ ಲೆಕ್ಕಕ್ಕೆ ಬರೆಯುವಂತಿಲ್ಲ.

ಈ ಹತ್ತು ಲಕ್ಷ ಎರಡು ಬೇರೆ ಬೇರೆ ಬೇಡಿಕೆಗಳಿಂದ ಕೂಡಿದೆ ಎಂಬುದನ್ನು ಓದುಗರು ಗಮನಿಸಬೇಕು. ಆಗಲೇ ಮಾಡಿ ಕೆಡಿಸಿದ್ದನ್ನು ಸರಿಪಡಿಸುವ 4 ಲಕ್ಷ ಒಂದು. ಕೆಡಿಸಿದ ದಿನವೇ ಅದರ ಹಕ್ಕು ಹುಟ್ಟಿದೆ. ಅವನನ್ನು ಬಿಟ್ಟು ಬೇರೆಯವನಿಂದ ಮುಗಿಸಿದ್ದಕ್ಕೆ ಕೈಯಲ್ಲಿದ್ದ ಬಾಕಿಗಿಂತ ಹೆಚ್ಚಾಗಿ ಬಿದ್ದ ಖರ್ಚು ಇನ್ನೊಂದು. ಕರಾರು ಮುರಿದದ್ದು ನ್ಯಾಯವಾಗಿದ್ದರೆ ಮಾತ್ರ ಅದು ಸಿಗುತ್ತದೆ, ಕರಾರು ಕಾಯ್ದೆಯ 75ನೇ ಕಲಮು ಹೇಳುವುದೂ ನ್ಯಾಯಯುತವಾಗಿ ರದ್ದು ಮಾಡಿದವನಿಗೆ ಪರಿಹಾರದ ಹಕ್ಕಿದೆ ಎಂದೇ. ಬೀಗ ಹಾಕಿ ಓಡಿಸಿದವರು ಎರಡನೆಯದನ್ನು ಸಲೀಸಾಗಿ ಕಳೆದುಕೊಳ್ಳುತ್ತಾರೆ, ಮೊದಲನೆಯದನ್ನು ಸಾಬೀತು ಮಾಡಲಾಗದೆ ಕಳೆದುಕೊಳ್ಳುತ್ತಾರೆ. ಅಷ್ಟೇ ಅಲ್ಲ, ಕರಾರು ಮುರಿದವರು ಮಾಲೀಕರೇ ಎಂದಾದರೆ ಉಳಿದ ಕೆಲಸದಲ್ಲಿ ತನಗೆ ಸಿಗಬೇಕಿದ್ದ ಲಾಭವನ್ನು ಕಾಂಟ್ರಾಕ್ಟರ್ ಕೇಳಬಹುದು. 1984ರಲ್ಲಿ ಎ.ಟಿ. ಬ್ರಿಜ್‌ಪಾಲ್ ಸಿಂಗ್ ಮತ್ತು ಗುಜರಾತ್ ರಾಜ್ಯದ ನಡುವಿನ ಪ್ರಕರಣದಲ್ಲಿ, ಉಳಿದಿದ್ದ ಕೆಲಸದ ಬೆಲೆಯ ಶೇ. 15ನ್ನು ಗುತ್ತಿಗೆದಾರನಿಗೆ ತಪ್ಪಿದ ಲಾಭವೆಂದು ಸುಪ್ರೀಂ ಕೋರ್ಟ್ ಒಪ್ಪಿತು. ಅದು ಸರ್ಕಾರಿ ಕಾಮಗಾರಿ, ಪ್ರತಿ ಮನೆಗೂ ಅದೇ ಅಂಕಿ ಅನ್ವಯಿಸಬೇಕೆಂದಿಲ್ಲ. ಆದರೂ ಅದೇ ದರ ಹಿಡಿದರೆ ನಮ್ಮ ಮನೆಯ 21 ಲಕ್ಷಕ್ಕೆ 3 ಲಕ್ಷ 15 ಸಾವಿರವಾಗುತ್ತದೆ. ಜೇನುಗೂಡಿನಂಥ ತೊಲೆ ಕಟ್ಟಿದವನು ಲಾಭ ಕೇಳುವ ಸ್ಥಿತಿ ಬರುವುದು ಅವನ ಜಾಣತನದಿಂದಲ್ಲ, ನಮ್ಮ ಬೀಗದಿಂದ.

ಓಡಿಸುವ ಸಲಹೆಗೆ ಒಬ್ಬ ಅವಳಿ ಇದ್ದಾನೆ, ಸೌಮ್ಯ ಮುಖದವನು: "ಜಗಳ ಯಾಕೆ, ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡಿ." ಐವತ್ತು ಸಾವಿರವೋ ಒಂದು ಲಕ್ಷವೋ ಕೊಟ್ಟು, ಛಾಪಾ ಕಾಗದದ ಮೇಲೆ "ಇನ್ನು ಮುಂದೆ ಒಬ್ಬರಿಗೊಬ್ಬರ ಮೇಲೆ ಯಾವ ಬಾಕಿಯೂ ತಕರಾರೂ ಇರುವುದಿಲ್ಲ" ಎಂದು ಇಬ್ಬರೂ ಸಹಿ ಹಾಕುತ್ತಾರೆ. ತನಗೆ ಬರಬೇಕಾದದ್ದನ್ನು ಬಿಟ್ಟುಕೊಡಲು ಕರಾರು ಕಾಯ್ದೆಯ 63ನೇ ಕಲಮು ಯಾರಿಗಾದರೂ ಅವಕಾಶ ಕೊಡುತ್ತದೆ, ಹಾಗೆ ಬಿಟ್ಟುಕೊಟ್ಟದ್ದನ್ನು ಮತ್ತೆ ಕೇಳುವುದು ಸುಲಭವಲ್ಲ. ತಾರಸಿ ಮುಂದಿನ ಮಳೆಗಾಲದಲ್ಲಿ ಸೋರಿದರೆ ಆ ಒಂದು ಸಾಲು ಎದುರಿಗೆ ಬಂದು ನಿಲ್ಲುತ್ತದೆ. ರಾಜಿ ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಿ, ಆದರೆ ಆಗಿರುವ ಕೆಲಸದ ದೋಷಗಳಿಗೆ, ಈಗ ಕಾಣುವವಕ್ಕೂ ಮುಂದೆ ಕಾಣಬಹುದಾದವಕ್ಕೂ, ಈ ರಾಜಿ ಅನ್ವಯಿಸುವುದಿಲ್ಲ ಎಂದು ಬರೆಸದೆ ಸಹಿ ಹಾಕಬೇಡಿ.

ಇವೆರಡರ ನಡುವೆ ಮೂರನೆಯ ಅಪಾಯವೊಂದಿದೆ, ಸಿಟ್ಟೂ ಇಲ್ಲದ ರಾಜಿಯೂ ಇಲ್ಲದ ಸುಮ್ಮನಿರುವಿಕೆ. 39ನೇ ಕಲಮಿನ ಉದಾಹರಣೆ ಒಬ್ಬ ಗಾಯಕಿಯದು. ವಾರಕ್ಕೆ ಎರಡು ರಾತ್ರಿಯಂತೆ ಎರಡು ತಿಂಗಳು ಹಾಡಲು ರಂಗಮಂದಿರದವನೊಂದಿಗೆ ಒಪ್ಪಿಕೊಂಡವಳು ಆರನೆಯ ರಾತ್ರಿ ಬೇಕೆಂದೇ ಬರುವುದಿಲ್ಲ. ಅವನು ಅಲ್ಲಿಗೇ ಕರಾರು ಮುಗಿಸಬಹುದು. ಆದರೆ ಏಳನೆಯ ರಾತ್ರಿ ಅವನ ಒಪ್ಪಿಗೆಯಿಂದಲೇ ಅವಳು ಹಾಡಿದರೆ, ಇನ್ನು ಮುಗಿಸುವಂತಿಲ್ಲ; ಆರನೆಯ ರಾತ್ರಿಯ ನಷ್ಟವನ್ನು ಮಾತ್ರ ಕೇಳಬಹುದು. ತೊಲೆಯ ಗೂಡು ನೋಡಿಯೂ ಏನೂ ಬರೆಯದೆ ಮುಂದಿನ ಕಂತು ಕೊಟ್ಟು ಪ್ಲಾಸ್ಟರ್ ಮಾಡಿಸಿಕೊಂಡವರು ಏಳನೆಯ ರಾತ್ರಿಯ ಹಾಡು ಕೇಳಿದಂತೆಯೇ. ಸೈಟು ನಿಲ್ಲಬಾರದೆಂದು ಹಣ ಕೊಡಲೇಬೇಕಾಗಿ ಬಂದರೆ, "ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡು, ತಕರಾರಿಗೆ ಒಳಪಟ್ಟು ಕೊಟ್ಟಿದೆ" ಎಂದು ಅದೇ ದಿನ ಬರೆದು ಕಳಿಸಬೇಕು.

ಮೂವತ್ತು ದಿನ ಕಳೆದು ಅವನು ಬರಲಿಲ್ಲ ಅಥವಾ ಬಂದು ಸಿಮೆಂಟು ಮೆತ್ತಿ ಹೋದ ಎನ್ನಿ. ಆಗ ಎರಡನೆಯ ಪತ್ರ. ಇಂಥ ದಿನಾಂಕದ ನೋಟಿಸಿನಲ್ಲಿ ತೋರಿಸಿದ ಇಂಥ ದೋಷಗಳನ್ನು ನೀನು ಗಡುವಿನೊಳಗೆ ಸರಿಪಡಿಸಿಲ್ಲ, ಆದ್ದರಿಂದ ಕರಾರನ್ನು ಇಂದಿನಿಂದ ಕೊನೆಗಾಣಿಸಿದೆ. ಈವರೆಗೆ ಹುಟ್ಟಿರುವ ಹಕ್ಕುಗಳು, ದೋಷ ಸರಿಪಡಿಸುವ ಖರ್ಚು, ಕೆಲಸ ಮುಗಿಸುವ ಹೆಚ್ಚಿನ ಖರ್ಚು, ತಡವಾದದ್ದರ ನಷ್ಟ ಇವೆಲ್ಲವನ್ನೂ ಕಾಯ್ದಿರಿಸಿಕೊಂಡಿದೆ. ಜಂಟಿ ಅಳತೆಗೆ ಇಂಥ ದಿನ ಬಾ. ಇಷ್ಟೇ ಸಾಕು. ಬೈಗುಳ ಬೇಡ, ಮೋಸಗಾರ ಎಂಬ ಪದ ಬೇಡ. ಕರಾರು ಮೊದಲಿನಿಂದಲೇ ಅಸಿಂಧು ಎಂದು ಮಾತ್ರ ಎಂದೂ ಬರೆಯಬೇಡಿ, ಏಕೆಂದರೆ ಪರಿಹಾರ ಕೇಳುತ್ತಿರುವುದು ಅದೇ ಕರಾರಿನ ಆಧಾರದಲ್ಲಿ. ಎರಡೂ ಪತ್ರಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ವಾಟ್ಸಾಪಿನಲ್ಲೂ ಹಾಕಿ.

ಅದಾದ ಮೇಲೆ ಹೊಸಬನ ಕೆಲಸ ಶುರುವಾಗಬಹುದು. ಸರಿಪಡಿಸುವ ಕೆಲಸಕ್ಕೆ ಬೇರೆ ಕರಾರು, ಬೇರೆ ಬಿಲ್ಲು ಇರಲಿ. ಉಳಿದ ಕೆಲಸದೊಳಗೆ ಅದನ್ನು ಬೆರೆಸಿ ಚದರಡಿ ದರದಲ್ಲಿ ಒಟ್ಟಿಗೆ ಕೊಟ್ಟರೆ ನಾಲ್ಕು ಲಕ್ಷ ಯಾವುದು, ಇಪ್ಪತ್ತನಾಲ್ಕು ಯಾವುದು ಎಂದು ಯಾರೂ ಬಿಡಿಸಲಾರರು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. 73ನೇ ಕಲಮಿನ ವಿವರಣೆ, ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ಇದ್ದ ದಾರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತದೆ. ತೊಲೆಗೆ ಕವಚ ಕಟ್ಟಿ ಬಲಪಡಿಸಿದರೆ ಸಾಕು ಎಂದು ಎಂಜಿನಿಯರ್ ಬರೆದುಕೊಟ್ಟಿರುವಾಗ ಇಡೀ ತಾರಸಿ ಕೆಡವಿದ ಖರ್ಚನ್ನು ಅವನ ಮೇಲೆ ಹೇರಲು ಆಗುವುದಿಲ್ಲ.

ಇನ್ನು ಕಾಲದ ಮಾತು. ಸ್ವಂತ ವಾಸಕ್ಕೆ ಕಟ್ಟಿಸುವವರು ಗ್ರಾಹಕರು. ಮನೆ ನಿರ್ಮಾಣ ಸೇವೆಯೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲೇ ಇದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಆದರೆ ಎರಡು ವರ್ಷದೊಳಗೆ. ದಿವಾನಿ ದಾವೆಗೆ ಮೂರು ವರ್ಷ. ಕಾಂಟ್ರಾಕ್ಟರ್ ಫೋನಿನಲ್ಲಿ "ಮುಂದಿನ ವಾರ ಬರ್ತೀನಿ ಸಾರ್" ಎನ್ನುತ್ತಾ ಕಳೆಯುವ ತಿಂಗಳುಗಳೂ ಇದರಲ್ಲೇ ಕರಗುತ್ತವೆ.

ನಿಮ್ಮ ಸೈಟಿನಲ್ಲಿ ಇವತ್ತು ಸೆಂಟ್ರಿಂಗ್ ಬಿಚ್ಚಿ ತೊಲೆಯ ತಳದಲ್ಲಿ ಕಂಬಿ ಕಂಡಿದ್ದರೆ, ದಯವಿಟ್ಟು ಬೀಗದ ಅಂಗಡಿಗೆ ಹೋಗಬೇಡಿ. ಪ್ಲಾಸ್ಟರ್ ನಿಲ್ಲಿಸಿ, ನಾಳೆಯೇ ಎಂಜಿನಿಯರ್‌ನನ್ನು ಕರೆಸಿ, ನಾಡಿದ್ದು ನೋಟಿಸು ಅಂಚೆಗೆ ಹಾಕಿ.